ಹೋಲಿಸೋದಕ್ಕೆ bₙ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಲಿಮಿಟ್ ಕಂಪ್ಯಾರಿಸನ್ ಟೆಸ್ಟ್‌ನ ಲೆಕ್ಕಗಳಲ್ಲಿ ಮೊದಲ ಸಾಲಿನಲ್ಲೇ "bₙ = 1/n^(3/2) ಆಗಿರಲಿ" ಎಂದು ಬರೆದುಬಿಡುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಅರ್ಥವಾಗುತ್ತದೆ. ಆದರೆ ಆ bₙ ಎಲ್ಲಿಂದ ಬಂತು ಅನ್ನೋದೇ ಗೊತ್ತಾಗುವುದಿಲ್ಲ. ಸುಮ್ನೆ ಊಹಿಸಬೇಕಾ, ಅಥವಾ ಕಂಡುಹಿಡಿಯೋದಕ್ಕೆ ದಾರಿ ಇದೆಯಾ?

ಉತ್ತರ: ದಾರಿ ಇದೆ. n ತುಂಬಾ ದೊಡ್ಡದಾದಾಗ, ಕೊಟ್ಟಿರುವ ಶ್ರೇಣಿಯ ಪದ aₙ ಎಷ್ಟು ಬೇಗ ಚಿಕ್ಕದಾಗುತ್ತದೆ ಅನ್ನೋದೊಂದನ್ನೇ ನೋಡಿ. ಅದೇ ವೇಗದಲ್ಲಿ ಚಿಕ್ಕದಾಗುವ, ನಮಗೆ ಆಗಲೇ ಪರಿಚಯವಿರುವ ಸರಳ ಪದವೇ bₙ. ಹೆಚ್ಚಿನ ಲೆಕ್ಕಗಳಲ್ಲಿ ಅದು 1/n^p ರೂಪದಲ್ಲಿರುತ್ತದೆ, ಯಾಕೆಂದರೆ ಆ ಶ್ರೇಣಿಯ ಹಣೆಬರಹ ನಮಗೆ ಗೊತ್ತು: p ಒಂದಕ್ಕಿಂತ ಜಾಸ್ತಿ ಇದ್ದರೆ ಕನ್ವರ್ಜ್ ಆಗುತ್ತದೆ, ಒಂದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡೈವರ್ಜ್ ಆಗುತ್ತದೆ.

ಈ ಶ್ರೇಣಿಯನ್ನು ತೆಗೆದುಕೊಳ್ಳೋಣ:

Σ (2n + 7) / √(n⁵ − 3n + 8)

ಮೇಲೆ 2n + 7 ಇದೆ. n ಸಾವಿರ ಆದರೆ 2n ಎರಡು ಸಾವಿರ, ಅದರ ಪಕ್ಕದಲ್ಲಿ 7 ಲೆಕ್ಕಕ್ಕೇ ಬರುವುದಿಲ್ಲ. ಕೆಳಗೆ n⁵ ಮುಂದೆ −3n + 8 ಇನ್ನೂ ಚಿಕ್ಕದು. ಹಾಗಾಗಿ ಪದದ ಗಾತ್ರ ಸುಮಾರು 2n / n^(5/2), ಅಂದರೆ 2 / n^(3/2). ಮುಂದಿರುವ 2 ನಮಗೆ ಬೇಡ. ಶ್ರೇಣಿ ಪೂರ್ತಿ ಎರಡರಿಂದ ಗುಣಿಸಿದರೂ ಕನ್ವರ್ಜ್ ಆಗೋದು ಬಿಡೋದು ಬದಲಾಗುವುದಿಲ್ಲ, ಅಲ್ವಾ? ಉಳಿದಿದ್ದು bₙ = 1/n^(3/2). ಆ ಮೊದಲ ಸಾಲು ಹುಟ್ಟೋದು ಹೀಗೆ.

"ಸುಮಾರು" ಅಂತ ಹೇಳಿದ್ದು ಸರಿಯಾ ಅಂತ ಪರೀಕ್ಷಿಸೋದೇ ಲಿಮಿಟ್‌ನ ಕೆಲಸ. aₙ/bₙ ಬರೆದು, ಮೇಲೆ ಕೆಳಗೆ ಎರಡನ್ನೂ n^(5/2)ರಿಂದ ಭಾಗಿಸಿದರೆ ಸಿಗೋದು

(2 + 7/n) / √(1 − 3/n⁴ + 8/n⁵)

ಇದು 2ಕ್ಕೆ ಹೋಗುತ್ತದೆ. ಸೊನ್ನೆಯೂ ಅಲ್ಲ, ಅನಂತವೂ ಅಲ್ಲ. ಅನುಪಾತ 2ರ ಹತ್ತಿರ ಹೋಗುತ್ತಿದೆ ಎಂದರೆ, ಒಂದು ಹಂತ ದಾಟಿದ ಮೇಲೆ ಅದು 1 ಮತ್ತು 3ರ ನಡುವೆಯೇ ಇರಬೇಕು. ಅಂದರೆ ಅಲ್ಲಿಂದಾಚೆಗೆ bₙ < aₙ < 3bₙ. Σbₙ ಕನ್ವರ್ಜ್ ಆಗುವುದರಿಂದ Σ3bₙ ಕೂಡ ಕನ್ವರ್ಜ್ ಆಗುತ್ತದೆ, ಅದರ ಕೆಳಗಿರುವ Σaₙ ಕೂಡ. ಈ ಟೆಸ್ಟ್‌ನ ಒಳಗಿರುವುದು ಇಷ್ಟೇ. ನೇರ ಹೋಲಿಕೆಯಲ್ಲಿ ಈ 3 ಅನ್ನು ನಾವೇ ಹುಡುಕಬೇಕಿತ್ತು. ಇಲ್ಲಿ aₙ < 2/n^(3/2) ಎಂದು ಬರೆಯಲು ಹೊರಟರೆ ಆ +7 ಅಡ್ಡ ಬರುತ್ತದೆ. ಲಿಮಿಟ್ ಆ ತಲೆನೋವನ್ನು ತೆಗೆದುಹಾಕುತ್ತದೆ. ಅನುಪಾತವನ್ನು ಹೀಗೆ ಎರಡೂ ಕಡೆಯಿಂದ ಹಿಡಿದು ಅಸಮತೆ ಬರೆಯೋದಕ್ಕೆ ಪದಗಳು ಧನವಾಗಿರಲೇಬೇಕು. ಚಿಹ್ನೆ ಬದಲಾಗುತ್ತಾ ಹೋಗುವ ಶ್ರೇಣಿಗೆ ಈ ಟೆಸ್ಟ್ ಹಾಕಬೇಡಿ.

ಈಗ ಬೇರೆ bₙ ತೆಗೆದುಕೊಂಡರೆ ಏನಾಗುತ್ತದೆ ನೋಡೋಣ. 1/n ಹಾಕಿದರೆ ಅನುಪಾತ ಸುಮಾರು 2/√n, ಅದು ಸೊನ್ನೆಗೆ ಹೋಗುತ್ತದೆ. ಅಂದರೆ aₙ, 1/n ಗಿಂತ ತುಂಬಾ ಚಿಕ್ಕದು. ಡೈವರ್ಜ್ ಆಗುವ ಶ್ರೇಣಿಗಿಂತ ಚಿಕ್ಕದು ಅಂತ ಗೊತ್ತಾದರೆ ಏನೂ ತೀರ್ಮಾನವಾಗುವುದಿಲ್ಲ. 1/n² ಹಾಕಿದರೆ ಅನುಪಾತ ಸುಮಾರು 2√n, ಅದು ಅನಂತಕ್ಕೆ ಹೋಗುತ್ತದೆ. ಕನ್ವರ್ಜ್ ಆಗುವುದಕ್ಕಿಂತ ದೊಡ್ಡದು, ಇದೂ ಪ್ರಯೋಜನವಿಲ್ಲ. ತುಂಬಾ ಜನ ಇಲ್ಲಿಗೆ ಕೈಬಿಡುತ್ತಾರೆ. ಆದರೆ 1/n ಹಾಕಿದಾಗ ಬಂದ ಅನುಪಾತವನ್ನು ಇನ್ನೊಮ್ಮೆ ನೋಡಿ. ಅದು ಸೊನ್ನೆಗೆ ಹೋಗಿದ್ದು 1/√n ವೇಗದಲ್ಲಿ. ನಾವು ಹಾಕಿದ 1/n ಅಷ್ಟರ ಮಟ್ಟಿಗೆ ನಿಧಾನವಾಗಿತ್ತು ಅಂತ ಅರ್ಥ. 1/n ಅನ್ನು 1/√n ಇಂದ ಗುಣಿಸಿದರೆ 1/n^(3/2) ಸಿಕ್ಕೇ ಬಿಡುತ್ತದೆ! ತಪ್ಪಿದ ಆಯ್ಕೆಯೇ ಸರಿಯಾದ ಆಯ್ಕೆಯನ್ನು ತೋರಿಸಿಕೊಡುತ್ತದೆ.

"ದೊಡ್ಡ ಘಾತವನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ" ಎಂಬ ಸೂತ್ರ ಕೈಕೊಡುವ ಜಾಗವೊಂದಿದೆ. ಪರೀಕ್ಷೆಯಲ್ಲಿ ಕೇಳೋದಕ್ಕೆ ಇಷ್ಟಪಡುವುದೂ ಅದನ್ನೇ:

Σ (√(n+1) − √n) / n

ಇಲ್ಲಿ √(n+1) ಕೂಡ ಸುಮಾರು √n, ಪಕ್ಕದ್ದೂ √n. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳೋದು? √n ಇಟ್ಟುಕೊಂಡರೆ bₙ = 1/√n ಬರುತ್ತದೆ, ಶ್ರೇಣಿ ಡೈವರ್ಜ್ ಆಗುತ್ತದೇನೋ ಅನಿಸುತ್ತದೆ. ಅದು ತಪ್ಪು. ದೊಡ್ಡ ಭಾಗಗಳು ಒಂದನ್ನೊಂದು ಹೊಡೆದು ಹಾಕಿವೆ, ನಿಜವಾದ ಗಾತ್ರ ಉಳಿದ ಚೂರಿನಲ್ಲಿದೆ. ಮೇಲೆ ಕೆಳಗೆ √(n+1) + √n ಇಂದ ಗುಣಿಸಿದರೆ ಮೇಲ್ಗಡೆ (n+1) − n, ಅಂದರೆ ಬರೀ 1 ಉಳಿಯುತ್ತದೆ:

aₙ = 1 / ( n(√(n+1) + √n) )

ಈಗ ಬ್ರಾಕೆಟ್ ಒಳಗೆ ಕೂಡುವುದಷ್ಟೇ ಇದೆ, ಏನೂ ಹೊಡೆದು ಹೋಗುವುದಿಲ್ಲ. ಅದು ಸುಮಾರು 2√n. ಹಾಗಾಗಿ bₙ = 1/n^(3/2), ಅನುಪಾತದ ಲಿಮಿಟ್ 1/2, ಶ್ರೇಣಿ ಕನ್ವರ್ಜ್ ಆಗುತ್ತದೆ. ನಂಬಿಕೆ ಬರಲಿಲ್ಲ ಅಂದರೆ n = 100 ಹಾಕಿ. √101 − 10 ಸುಮಾರು 0.049876. ನೂರರಿಂದ ಭಾಗಿಸಿದರೆ 0.00049876. bₙ 0.001. ಅನುಪಾತ 0.49876, ಆಗಲೇ ಅರ್ಧದ ಪಕ್ಕದಲ್ಲಿದೆ. ಮೊದಲು ಬಂದಿದ್ದ 1/√n ಹಾಕಿದ್ದರೆ ಇದೇ ಅನುಪಾತ ಸುಮಾರು 0.005 ಆಗಿ, ಮುಂದೆ ಸೊನ್ನೆಗೆ ಇಳಿಯುತ್ತಿತ್ತು. ಕಳೆಯುವ ಚಿಹ್ನೆಯ ಎರಡೂ ಬದಿಯಲ್ಲಿ ಒಂದೇ ಗಾತ್ರದವು ಕಂಡರೆ ಮೊದಲು ಬಿಡಿಸಿಕೊಳ್ಳಿ, ಆಮೇಲೆ bₙ ಹುಡುಕಿ.

ಲಾಗ್ ಬಂದಾಗ ಕಥೆ ಸ್ವಲ್ಪ ಬೇರೆ. Σ (ln n)/n² ತೆಗೆದುಕೊಳ್ಳಿ. ಯಾವ 1/n^p ಹಾಕಿದರೂ ಅನುಪಾತ ಸೊನ್ನೆಗೋ ಅನಂತಕ್ಕೋ ಹೋಗುತ್ತದೆ, ಯಾಕೆಂದರೆ ln n ಯಾವ ಘಾತದ ವೇಗಕ್ಕೂ ಹೊಂದುವುದಿಲ್ಲ. ಇಲ್ಲಿ ಸರಿಸಮ ವೇಗದ ಆಸೆ ಬಿಟ್ಟು, ಬೇಕೆಂದೇ ಸ್ವಲ್ಪ ದೊಡ್ಡದನ್ನು ಆರಿಸಬೇಕು. bₙ = 1/n^(3/2) ಹಾಕಿದರೆ ಅನುಪಾತ (ln n)/√n, ಸೊನ್ನೆಗೆ ಹೋಗುತ್ತದೆ. ಈ ಸಲ ಸೊನ್ನೆ ಕೆಲಸಕ್ಕೆ ಬರುತ್ತದೆ. aₙ ಈಗ ಕನ್ವರ್ಜ್ ಆಗುವ ಶ್ರೇಣಿಗಿಂತ ಚಿಕ್ಕದು, ಹಾಗಾಗಿ ಅದೂ ಕನ್ವರ್ಜ್ ಆಗಲೇಬೇಕು. ಘಾತ 2 ಮತ್ತು 1ರ ನಡುವೆ ಜಾಗ ಇದ್ದಿದ್ದರಿಂದ ಇದು ಸಾಧ್ಯವಾಯಿತು. ಇದೇ ರೀತಿ, ಡೈವರ್ಜ್ ಆಗುವ bₙ ಜೊತೆ ಅನುಪಾತ ಅನಂತಕ್ಕೆ ಹೋದರೆ aₙ ಕೂಡ ಡೈವರ್ಜ್ ಆಗುತ್ತದೆ.

Σ 1/(n ln n), n = 2ರಿಂದ ಶುರು, ಇದರಲ್ಲಿ ಆ ಜಾಗವೇ ಇಲ್ಲ. 1/n ಜೊತೆ ಅನುಪಾತ ಸೊನ್ನೆ, p > 1 ಇರುವ ಯಾವ 1/n^p ಜೊತೆಗೂ ಅನಂತ. ಎರಡೂ ಕಡೆ ಉತ್ತರವಿಲ್ಲ. p ಬದಲಾಯಿಸುತ್ತಾ ಕೂತರೆ ಸಮಯ ಹಾಳಷ್ಟೇ. ಇಂಟೆಗ್ರಲ್ ಟೆಸ್ಟ್ ಹಾಕಿದರೆ ln(ln n) ಬರುತ್ತದೆ. ಅದು ಬಹಳ ನಿಧಾನವಾಗಿ ಆದರೂ ಅನಂತಕ್ಕೇ ಹೋಗುತ್ತದೆ, ಶ್ರೇಣಿ ಡೈವರ್ಜ್. ಒಮ್ಮೆ ಇದು ಗೊತ್ತಾದ ಮೇಲೆ 1/(n ln n) ಕೂಡ ನಿಮ್ಮ bₙ ಪಟ್ಟಿಗೆ ಸೇರುತ್ತದೆ. ಮುಂದೆ Σ 1/(n ln n + 5n) ಅಂತ ಯಾರಾದರೂ ಕೊಟ್ಟರೆ ಅದನ್ನೇ ಹಾಕಿ, ಅನುಪಾತ ನೇರವಾಗಿ 1ಕ್ಕೆ ಬಂದು ನಿಲ್ಲುತ್ತದೆ.