ಹತ್ತು ನಿಮಿಷದ ಪಾಠ, ಏಳೂವರೆ ಎಂಬಿ

ಮಳವಳ್ಳಿ ಕಡೆಯ ಒಬ್ಬ ಪ್ರೌಢಶಾಲೆ ಮೇಷ್ಟ್ರು ಪೈಥಾಗೊರಸ್ ಪ್ರಮೇಯದ ಪಾಠವನ್ನು ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿದರು ಎನ್ನೋಣ. ಫೋನ್ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ಬರೆದಿದ್ದರೆ ಫೈಲು 1,275 ಎಂಬಿ ಆಗುತ್ತದೆ. ಸೆಕೆಂಡಿಗೆ 200 ಕಿಲೋಬಿಟ್ ಸಿಗುವ ಹಳ್ಳಿಯಲ್ಲಿ ಅದು ಇಳಿಯಲು ಹದಿನಾಲ್ಕು ಗಂಟೆಗೂ ಹೆಚ್ಚು ಬೇಕು. ಇದೇ ಪಾಠವನ್ನು ಸೆಕೆಂಡಿಗೆ 100 ಕಿಲೋಬಿಟ್‌ಗೆ ತಂದರೆ 7.5 ಎಂಬಿ, ಐದೇ ನಿಮಿಷದ ಡೌನ್‌ಲೋಡ್.

ಇಷ್ಟು ಇಳಿಸಲು ಸಾಧ್ಯವಾಗುವುದು ವಿಡಿಯೊ ಫೈಲು ಪ್ರತಿ ಚಿತ್ರವನ್ನೂ ಪೂರ್ತಿ ಬರೆಯುವುದಿಲ್ಲವಾದ್ದರಿಂದ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಹೆಚ್ಚಾಗಿ ಅದನ್ನಷ್ಟೇ ಬರೆದಿಡುತ್ತದೆ. ಬೋರ್ಡು ಅಲುಗಾಡುವುದಿಲ್ಲ, ಚಲಿಸುವುದು ಸೀಮೆಸುಣ್ಣ ಹಿಡಿದ ಕೈ ಮಾತ್ರ. ಆದರೆ ವಿದ್ಯಾರ್ಥಿಯೊಬ್ಬ ಫೋನನ್ನು ಕೈಯಲ್ಲಿ ಹಿಡಿದು ನಿಂತರೆ ಇಡೀ ಬೋರ್ಡೇ ನಡುಗಿದಂತೆ ಲೆಕ್ಕ. ಮಬ್ಬುಗತ್ತಲ ಕೊಠಡಿಯೂ ಅಷ್ಟೇ ಕೆಟ್ಟದ್ದು: ಬೆಳಕು ಸಾಲದಾಗ ಕ್ಯಾಮೆರಾ ಹುಟ್ಟಿಸುವ ಸಣ್ಣ ಚುಕ್ಕೆಗಳು ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತವೆ. ಆದ್ದರಿಂದ ಫೋನನ್ನು ಸ್ಟ್ಯಾಂಡಿಗೆ ಅಡ್ಡವಾಗಿ ಕಟ್ಟಿ, ಕಿಟಕಿ ತೆರೆದು, ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಬೇಕು. ಫೈಲು ಎಣಿಸಿದ್ದಕ್ಕಿಂತ ತುಂಬಾ ದೊಡ್ಡದಾಗಿ ಬಂದರೆ ಮೊದಲು ನೋಡಬೇಕಾದದ್ದು ಇವನ್ನೇ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. 120 ಸೆಂಟಿಮೀಟರ್ ಎತ್ತರದ ಬೋರ್ಡು 480 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ತುಂಬಿ ನಿಂತರೆ ಒಂದು ಪಿಕ್ಸೆಲ್‌ಗೆ 2.5 ಮಿಲಿಮೀಟರ್. ಒಂದು ಸೆಂಟಿಮೀಟರ್‌ನ ಒತ್ತಕ್ಷರಕ್ಕೆ ನಾಲ್ಕೇ ಪಿಕ್ಸೆಲ್ ಸಿಗುತ್ತದೆ, ‘ಕರ್ಣ’ದ ಅರ್ಕಾವತ್ತು, ‘ವರ್ಗ’ದ ಅರ್ಕಾವತ್ತು ಎಲ್ಲ ಮಸಿಯಂತೆ ಕಾಣುತ್ತದೆ. ಒತ್ತು ಮೂರು ಸೆಂಟಿಮೀಟರ್ ಆದರೂ ಇರಲಿ. ಅಷ್ಟು ದೊಡ್ಡದಾಗಿ ಬರೆಯಲು ಜಾಗವಿಲ್ಲದಿದ್ದರೆ ಅರ್ಧ ಬೋರ್ಡನ್ನಷ್ಟೇ ಚೌಕಟ್ಟಿಗೆ ತೆಗೆದುಕೊಳ್ಳುವುದು ಮೇಲು.

ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಈ ಕಮಾಂಡ್ ಕೊಡಬೇಕು, paata.mp4 ಮೂಲ ಫೈಲು, chikka.mp4 ಕುಗ್ಗಿಸಿದ್ದು:

```
ffmpeg -i paata.mp4 -vf "scale=-2:480,fps=5" -c:v libx264 -crf 28 -g 50 -pix_fmt yuv420p -c:a aac -ac 1 -b:a 32k -movflags +faststart chikka.mp4
```

ಸೆಕೆಂಡಿಗೆ ಐದೇ ಚಿತ್ರವಿದ್ದರೆ ಮುಖದ ಚಲನೆ ತುಂಡುತುಂಡಾಗಿ ಕಾಣುತ್ತದೆ, ಬರವಣಿಗೆಗೆ ತೊಂದರೆಯಿಲ್ಲ. ಧ್ವನಿಯನ್ನು ಮಾತ್ರ 32 ಕಿಲೋಬಿಟ್‌ಗಿಂತ ಇಳಿಸಬಾರದು. ಹತ್ತು ನಿಮಿಷಕ್ಕೆ ಅದು ತಿನ್ನುವುದು 2.4 ಎಂಬಿ, ಮಾತು ಕೇಳಿಸದ ಪಾಠವಂತೂ ವ್ಯರ್ಥ. `-crf` ಸಂಖ್ಯೆ ಏರಿಸಿದಷ್ಟೂ ಫೈಲು ಚಿಕ್ಕದು, ಅಕ್ಷರ ಮಸುಕು. `-g 50` ಬಿಟ್ಟರೆ ಪೂರ್ತಿ ಚಿತ್ರ ಐವತ್ತು ಸೆಕೆಂಡಿಗೊಮ್ಮೆ ಬರುವಂತಾಗಿ, ಅರ್ಥವಾಗದ ಸಾಲಿಗೆ ಹಿಂದೆ ಸರಿಸಿ ನೋಡುವ ಮಕ್ಕಳಿಗೆ ಕಷ್ಟವಾಗುತ್ತದೆ; ಇಲ್ಲಿ ಅದು ಹತ್ತು ಸೆಕೆಂಡಿಗೊಮ್ಮೆ ಬರುತ್ತದೆ. ಇಲ್ಲಿ ಬಳಸಿದ ಎಚ್.264 ಕುಗ್ಗಿಸುವ ವಿಧಾನದ ಬದಲು ಅದರ ಹೊಸ ರೂಪವಾದ ಎಚ್.265 ಬಳಸಿದರೆ ಫೈಲು ಇನ್ನೂ ಚಿಕ್ಕದಾಗುತ್ತದೆ ನಿಜ, ಆದರೆ ಹಳೆಯ ಅಗ್ಗದ ಫೋನುಗಳಲ್ಲಿ ಅದು ತಡೆತಡೆದು ಓಡಬಹುದು, ಇಲ್ಲವೇ ತೆರೆಯದೆಯೂ ಇರಬಹುದು.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಲಗತ್ತಿಸಿ. ವಿಡಿಯೊ ಎಂದು ಹಾಕಿದರೆ ಆ್ಯಪ್ ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸುತ್ತದೆ, ಜೋಪಾನವಾಗಿ ಉಳಿಸಿಕೊಂಡ ಒತ್ತಕ್ಷರಗಳು ಅಲ್ಲಿ ಅಳಿಸಿಹೋಗಬಹುದು.