ಲಿಂಕ್ಡ್‌ಇನ್ ಪೇಜ್: ಪರ್ಚೇಸ್ ಮ್ಯಾನೇಜರ್ ಏನು ಹುಡುಕುತ್ತಾರೆ?

ಪೀಣ್ಯದಲ್ಲಿ ಎರಡು ವಿಎಂಸಿ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಒಂದು ಸಣ್ಣ ಶಾಪ್ ಅಂದುಕೊಳ್ಳೋಣ. ಅವರಿಗೆ ಬೇಕಿರುವುದು ಕಂಪನಿಗಳ ಆರ್ಡರ್.

ಪೇಜ್ ತೆರೆಯಲು ಮೊದಲು ಮಾಲೀಕರ ಸ್ವಂತ ಪ್ರೊಫೈಲ್ ಇರಬೇಕು. ಅಲ್ಲಿಂದ `For Business` ಒತ್ತಿ, `Create a Company Page` ಆರಿಸಿದರಾಯಿತು. ಹೆಸರು, ವೆಬ್‌ಸೈಟ್, ಲೋಗೋ ತುಂಬುವುದು ಸುಲಭ. ಎಡವುವುದು ಟ್ಯಾಗ್‌ಲೈನ್‌ನಲ್ಲಿ. ಅಲ್ಲಿ ಸಿಗುವುದು 120 ಅಕ್ಷರ ಮಾತ್ರ. "ಗುಣಮಟ್ಟವೇ ನಮ್ಮ ಧ್ಯೇಯ" ಅಂತ ಬರೆದರೆ ಪರ್ಚೇಸ್‌ನವರಿಗೆ ಏನೂ ತಿಳಿಯುವುದಿಲ್ಲ. "ಅಲ್ಯೂಮಿನಿಯಂ, ಸ್ಟೀಲ್ ಬಿಡಿಭಾಗಗಳ ವಿಎಂಸಿ ಮೆಷಿನಿಂಗ್, 10ರಿಂದ 500 ಪೀಸ್, ಪೀಣ್ಯ" ಅಂದರೆ ತಮ್ಮ ಕೆಲಸ ಇಲ್ಲಿ ಆಗುತ್ತದೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೊರರಾಜ್ಯದ ಗಿರಾಕಿ ಬೇಕಿದ್ದರೆ ಇದನ್ನೇ ಇಂಗ್ಲಿಷಿನಲ್ಲಿ ಹಾಕಿ. ಮೆಷಿನ್ ಬೆಡ್ ಅಳತೆ, ಹಿಡಿಯಬಲ್ಲ ಟಾಲರೆನ್ಸ್, ತಪಾಸಣೆಯ ಸಲಕರಣೆ, ಇದ್ದರೆ ಐಎಸ್ಒ ಸರ್ಟಿಫಿಕೇಟ್, ಇವೆಲ್ಲ `About` ಭಾಗಕ್ಕೆ.

ಇನ್ನು ಪೋಸ್ಟ್. ಹಬ್ಬದ ಶುಭಾಶಯ ಹಾಕಿದರೆ ಲೈಕ್ ಬರುತ್ತದೆ, ಎನ್‌ಕ್ವಯರಿ ಬರುವುದಿಲ್ಲ. ಒಂದು ಪೋಸ್ಟಿಗೆ ಒಂದು ತೊಂದರೆ, ಅದನ್ನು ಬಗೆಹರಿಸಿದ ರೀತಿ, ಅಷ್ಟು ಸಾಕು. ಹೀಗೆ ಬರೆಯಬಹುದು:

"4 ಎಂಎಂ ದಪ್ಪದ ಅಲ್ಯೂಮಿನಿಯಂ ಪ್ಲೇಟ್, ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಬಾಗುತ್ತಿತ್ತು. ಒಂದೇ ಬದಿ ಪೂರ್ತಿ ಕಟ್ ಮಾಡಿದಾಗ ಒಳಗಿನ ಸ್ಟ್ರೆಸ್ ಏರುಪೇರಾಗುತ್ತಿತ್ತು. ಎರಡೂ ಬದಿ ರಫ್ ಮಾಡಿ 0.5 ಎಂಎಂ ಉಳಿಸಿದೆವು. ಕ್ಲ್ಯಾಂಪ್ ಬಿಚ್ಚಿ, ಮತ್ತೆ ಹಗುರವಾಗಿ ಹಿಡಿದು ಫಿನಿಶ್ ಕಟ್ ಕೊಟ್ಟೆವು."

ಫೀಡ್‌ನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಮಿಕ್ಕಿದ್ದು ಮಡಚಿಕೊಳ್ಳುತ್ತದೆ. ಹಾಗಾಗಿ "ಬಾಗುತ್ತಿತ್ತು" ಅನ್ನುವ ಮಾತು ಮೇಲೇ ಇರಬೇಕು. ಜೊತೆಗೆ ಡಯಲ್ ಇಂಡಿಕೇಟರ್ ಹಿಡಿದು ಚೆಕ್ ಮಾಡುವ ಫೋಟೋ ಒಂದು ಇರಲಿ. ಆದರೆ ಗಿರಾಕಿಯ ಡ್ರಾಯಿಂಗ್ ಆಗಲಿ, ಪಾರ್ಟ್ ನಂಬರ್ ಆಗಲಿ ಹಿಂದೆ ಕಾಣಬಾರದು. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಅವರ ಪಾರ್ಟ್ ಬಿಟ್ಟುಬಿಡಿ; ಸ್ಕ್ರ್ಯಾಪ್ ತುಂಡಿನಲ್ಲಿ ಅದೇ ವಿಧಾನ ತೋರಿಸಿದರೂ ನಡೆಯುತ್ತದೆ.

ಪೇಜ್ ತಾನಾಗಿ ಯಾರಿಗೂ ಕನೆಕ್ಷನ್ ರಿಕ್ವೆಸ್ಟ್ ಕಳಿಸಲಾರದು. ಅದಕ್ಕೇ ಮಾಲೀಕರು ಪರ್ಚೇಸ್, ಸೋರ್ಸಿಂಗ್‌ನವರನ್ನು ತಮ್ಮ ಪ್ರೊಫೈಲಿಗೆ ಸೇರಿಸಿಕೊಳ್ಳಬೇಕು, ಪೇಜಿನ ಪೋಸ್ಟನ್ನು ಎರಡು ಸಾಲು ಸೇರಿಸಿ ರೀಪೋಸ್ಟ್ ಮಾಡಬೇಕು. ಕೆಲಸಗಾರರ ಪ್ರೊಫೈಲಿನಲ್ಲಿ ಕಂಪನಿ ಹೆಸರಿನ ಪಕ್ಕ ಲೋಗೋ ಬದಲು ಬೂದು ಚಿತ್ರ ಕಂಡರೆ, ಹೆಸರನ್ನು ಸುಮ್ನೆ ಟೈಪ್ ಮಾಡಿದ್ದಾರೆ, ಪೇಜಿಗೆ ಜೋಡಿಸಿಲ್ಲ ಅಂತಲೇ ಲೆಕ್ಕ. ಪಟ್ಟಿಯಿಂದ ಮತ್ತೆ ಆರಿಸಲು ಹೇಳಿ.

ತಿಂಗಳಿಗೊಮ್ಮೆ `Analytics` ತೆರೆದು, ಫಾಲೋವರ್ಸ್ ಯಾವ ಕೆಲಸದವರು ಅಂತ ನೋಡಿ. ಬರೀ ಎಚ್ಆರ್‌ನವರು, ಕೆಲಸ ಹುಡುಕುವವರೇ ಜಾಸ್ತಿ ಇದ್ದರೆ, ಪೋಸ್ಟ್ ತಲುಪುತ್ತಿರುವುದು ಬೇರೆಯವರಿಗೆ. ಆಗ ನೇಮಕಾತಿ, ಸಂಭ್ರಮದ ಪೋಸ್ಟ್ ಕಡಿಮೆ ಮಾಡಿ, ಮೇಲಿನ ಪ್ಲೇಟ್‌ನಂಥ ಪೋಸ್ಟ್ ಹೆಚ್ಚಿಸಿ.