0.002ರಿಂದ ಗೆರೆ ನೆಟ್ಟಗೆ ಮೇಲಕ್ಕೆ ಹೋಗಬಾರದು

ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಇರುವ ಹ್ಯಾಂಡ್‌ಔಟ್ ಕೈಗೆ ಕೊಟ್ಟು, ಅಲ್ಯೂಮಿನಿಯಂ ಮಿಶ್ರಲೋಹದ ಯೀಲ್ಡ್ ಸ್ಟ್ರೆಂತ್ ಎಷ್ಟು ಎಂದು ಕೇಳಿದರೆ, ಪ್ರತಿ ಬ್ಯಾಚ್‌ನಲ್ಲೂ ಒಂದೇ ತಪ್ಪು ಎದುರಾಗುತ್ತದೆ. ವಿದ್ಯಾರ್ಥಿಗಳಿಗೆ ಶೇ. 0.2 ಆಫ್‌ಸೆಟ್ ಎಂಬ ಮಾತು ಚೆನ್ನಾಗಿ ನೆನಪಿರುತ್ತದೆ. ಅಡ್ಡ ಅಕ್ಷದಲ್ಲಿ 0.002 ಎಲ್ಲಿದೆ ಎಂದು ಸರಿಯಾಗಿಯೇ ಗುರುತು ಹಾಕುತ್ತಾರೆ. ಅಲ್ಲಿಂದ ಸ್ಕೇಲ್ ಇಟ್ಟು ನೆಟ್ಟಗೆ ಮೇಲಕ್ಕೆ ಲಂಬ ಗೆರೆ ಎಳೆದು, ಅದು ಕರ್ವ್‌ಗೆ ತಾಗಿದ ಕಡೆ ಓದಿ, ಉತ್ತರ ಬರೆದುಬಿಡುತ್ತಾರೆ. ಆ ಗೆರೆ ಲಂಬವಾಗಿರಬಾರದು. ಕರ್ವ್‌ನ ಆರಂಭದ ನೇರ ಭಾಗಕ್ಕೆ ಸಮಾಂತರವಾಗಿ, ಓರೆಯಾಗಿ ಏರಬೇಕು. ಎಷ್ಟು ಸಲ ಹೇಳಿದರೂ ಇದು ಮರಳಿ ಬರುವುದಕ್ಕೆ ಅಲಕ್ಷ್ಯ ಕಾರಣವಲ್ಲ. ಗೆರೆ ಯಾಕೆ ಓರೆ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ.

ಲೆಕ್ಕಕ್ಕೆ 6061-T6 ಅಲ್ಯೂಮಿನಿಯಂ ತೆಗೆದುಕೊಳ್ಳೋಣ. ಇದರ ಯಂಗ್ಸ್ ಮಾಡ್ಯುಲಸ್ ಸುಮಾರು 69 ಗಿಗಾಪಾಸ್ಕಲ್, ಅಂದರೆ 69,000 ಮೆಗಾಪಾಸ್ಕಲ್. ಸ್ಪೆಸಿಮೆನ್ 12.5 ಮಿ.ಮೀ. ವ್ಯಾಸದ ದುಂಡು ಸರಳು, ಗೇಜ್ ಲೆಂತ್ 50 ಮಿ.ಮೀ. ಹ್ಯಾಂಡ್‌ಔಟ್‌ನ ಗ್ರಾಫ್‌ನಲ್ಲಿ ಈ ಬಿಂದುಗಳು ಇವೆ ಎಂದಿಟ್ಟುಕೊಳ್ಳಿ: ಸ್ಟ್ರೇನ್ 0.001ಕ್ಕೆ 69 ಮೆಗಾಪಾಸ್ಕಲ್, 0.002ಕ್ಕೆ 138, 0.003ಕ್ಕೆ 207, 0.004ಕ್ಕೆ 258, 0.005ಕ್ಕೆ 270, 0.006ಕ್ಕೆ 276, 0.008ಕ್ಕೆ 281.

ಈಗ 0.002ರಲ್ಲಿ ಲಂಬ ಗೆರೆ ಎಳೆದವರಿಗೆ 138 ಸಿಗುತ್ತದೆ. ಸುತ್ತಲಿನ ಬಿಂದುಗಳನ್ನು ನೋಡಿ. 69, 138, 207: ಒಂದೇ ಸಮನೆ ಏರುತ್ತಿವೆ. 138ರಲ್ಲಿ ಈ ಲೋಹ ಇನ್ನೂ ನೇರ ಗೆರೆಯ ನಡುವೆಯೇ ಇದೆ. ಅಲ್ಲಿ ಲೋಡ್ ತೆಗೆದರೆ ಸರಳು ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ, ಶಾಶ್ವತವಾಗಿ ಹಿಗ್ಗಿಯೇ ಇಲ್ಲದ ಲೋಹಕ್ಕೆ ಯೀಲ್ಡ್ ಎಲ್ಲಿಂದ ಬರಬೇಕು? ನಿಜವಾದ ಉತ್ತರ 276, ಅಂದರೆ ಲಂಬ ಗೆರೆ ಕೊಟ್ಟದ್ದರ ಎರಡರಷ್ಟು.

ಗೆರೆ ಓರೆಯಾಗಿರಲು ಕಾರಣ ಇಷ್ಟು. ಯಾವ ಬಿಂದುವಿನಲ್ಲೇ ಆಗಲಿ, ಸರಳು ಹಿಗ್ಗಿರುವುದರಲ್ಲಿ ಎರಡು ಪಾಲು ಇರುತ್ತವೆ. ಒಂದು ಪಾಲು ಲೋಡ್ ತೆಗೆದರೆ ಹಿಂದಕ್ಕೆ ಹೋಗುವಂಥದ್ದು, ಅದರ ಅಳತೆ σ/E, ಅಂದರೆ ಆ ಬಿಂದುವಿನ ಸ್ಟ್ರೆಸ್ ಅನ್ನು ಯಂಗ್ಸ್ ಮಾಡ್ಯುಲಸ್‌ನಿಂದ ಭಾಗಿಸಿದ್ದು. ಇನ್ನೊಂದು ಪಾಲು ಶಾಶ್ವತವಾಗಿ ಉಳಿಯುವಂಥದ್ದು. 0.2 ಶೇಕಡಾ ಎಂಬ ನಿಯಮ ಮಾತಾಡುವುದು ಈ ಎರಡನೆಯ ಪಾಲಿನ ಬಗ್ಗೆ ಮಾತ್ರ. ಒಟ್ಟು ಹಿಗ್ಗಿದ್ದು 0.002 ಆಗಬೇಕು ಎಂದು ಅದು ಹೇಳುತ್ತಿಲ್ಲ, ಲೋಡ್ ತೆಗೆದ ಮೇಲೂ 0.002 ಉಳಿದಿರಬೇಕು ಎನ್ನುತ್ತಿದೆ. ನಮ್ಮ 50 ಮಿ.ಮೀ. ಗೇಜ್ ಲೆಂತ್‌ಗೆ ಅದು 0.1 ಮಿ.ಮೀ. ಆಯಿತು.

ಲೋಡ್ ಇಳಿಸುವಾಗ ಗ್ರಾಫ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದರಲ್ಲಿ ಇಡೀ ವಿಷಯ ಅಡಗಿದೆ. ಕರ್ವ್ ಬಾಗಿದ ಮೇಲೆ ಲೋಡ್ ಇಳಿಸಿದರೆ ಅದು ಏರಿದ ದಾರಿಯಲ್ಲೇ ಇಳಿಯುವುದಿಲ್ಲ, ನೆಟ್ಟಗೆ ಕೆಳಕ್ಕೂ ಬೀಳುವುದಿಲ್ಲ. ಆರಂಭದ ನೇರ ಭಾಗಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ, ಅದೇ E ಸ್ಲೋಪ್‌ನಲ್ಲಿ ಓರೆಯಾಗಿ ಇಳಿದು ಅಡ್ಡ ಅಕ್ಷ ಮುಟ್ಟುತ್ತದೆ. ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿದ್ದರೂ ಪರಮಾಣುಗಳ ನಡುವಿನ ಬಂಧದ ಬಿಗಿ ಹಾಗೆಯೇ ಉಳಿದಿರುತ್ತದೆ, ಮಾಡ್ಯುಲಸ್ ಅವಲಂಬಿಸಿರುವುದು ಆ ಬಿಗಿಯನ್ನು. ಹಾಗಾಗಿ 0.002ರಲ್ಲಿ ಬಂದಿಳಿಯುವ ಆ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದರೆ ಅದೇ ನಮ್ಮ ಆಫ್‌ಸೆಟ್ ಗೆರೆ.

ಗೆರೆ ಎಳೆಯಲು ಎರಡು ಬಿಂದು ಸಾಕು. ಮೊದಲನೆಯದು (0.002, 0). ಎರಡನೆಯದಕ್ಕೆ ಸ್ಟ್ರೇನ್ ಅನ್ನು ಇನ್ನೊಂದು 0.005 ಮುಂದಕ್ಕೆ ಒಯ್ಯಿರಿ, 69,000 × 0.005 = 345, ಹಾಗಾಗಿ (0.007, 345). ಇವೆರಡನ್ನು ಸೇರಿಸಿದರೆ ಗೆರೆ ಕರ್ವ್ ಅನ್ನು 0.006, 276ರಲ್ಲಿ ಕತ್ತರಿಸುತ್ತದೆ. ಸರಿಯೇ ಎಂದು ನೋಡಲು 276 / 69,000 = 0.004. ಒಟ್ಟು 0.006ರಲ್ಲಿ ಇದನ್ನು ಕಳೆದರೆ 0.002 ಉಳಿಯಿತು. ಸ್ಕೇಲ್ ನಂಬದವರು ಪ್ರತಿ ಬಿಂದುವಿಗೂ ಇದೇ ಕಳೆಯುವಿಕೆ ಮಾಡಬಹುದು: 0.005ರಲ್ಲಿ ಶಾಶ್ವತ ಪಾಲು 0.0011, 0.006ರಲ್ಲಿ 0.0020, 0.008ರಲ್ಲಿ 0.0039. ನಮಗೆ ಬೇಕಾದದ್ದು ನಡುವಿನದು. ಗೆರೆಯೇ ಎಳೆಯದೆ ಉತ್ತರ ಸಿಗುತ್ತದೆ, ಯಾಕೆ ಸಿಕ್ಕಿತು ಎಂಬುದೂ ಕಣ್ಣಿಗೆ ಕಾಣುತ್ತದೆ. ನನ್ನನ್ನು ಕೇಳಿದರೆ ಮೊದಲ ಸಲ ಕಲಿಯುವವರು ಹೀಗೆಯೇ ಮಾಡುವುದು ಒಳ್ಳೆಯದು.

ಹಾಗಾದರೆ ಲಂಬ ಗೆರೆಯ ತಪ್ಪು ಇಷ್ಟು ದಿನ ಸಿಕ್ಕಿಬೀಳದೆ ಉಳಿಯುವುದು ಹೇಗೆ? ಮೈಲ್ಡ್ ಸ್ಟೀಲ್‌ನಿಂದಾಗಿ. ಹೆಚ್ಚಿನವರು ಮೊದಲು ನೋಡುವ ಗ್ರಾಫ್ ಅದರದ್ದೇ. E 200 ಗಿಗಾಪಾಸ್ಕಲ್, ಯೀಲ್ಡ್ 250 ಮೆಗಾಪಾಸ್ಕಲ್ ಆದರೆ ನೇರ ಭಾಗ 0.00125ರಲ್ಲೇ ಮುಗಿಯುತ್ತದೆ. ಆಮೇಲೆ ಕರ್ವ್ ಬಹು ದೂರ ಸಪಾಟಾಗಿ ಸಾಗುತ್ತದೆ. 0.002ರ ಲಂಬ ಗೆರೆ ಆ ಸಪಾಟಿನ ಮೇಲೆ ಬಂದು ಬೀಳುತ್ತದೆ, 250 ಎಂದೇ ತೋರಿಸುತ್ತದೆ. ದಾರಿ ತಪ್ಪು, ಉತ್ತರ ಸರಿ. ಅದೇ ಕೈಯನ್ನು 800 ಮೆಗಾಪಾಸ್ಕಲ್ ಯೀಲ್ಡ್‌ನ ಗಟ್ಟಿ ಉಕ್ಕಿನ ಮೇಲೆ ಆಡಿಸಿದರೆ 400 ಬರುತ್ತದೆ. ಮೈಲ್ಡ್ ಸ್ಟೀಲ್‌ಗೆ ನಿಜದಲ್ಲಿ ಆಫ್‌ಸೆಟ್ ಬೇಕಾಗುವುದೇ ಇಲ್ಲ. ಅದರಲ್ಲಿ ಇಂಗಾಲ, ಸಾರಜನಕದ ಪರಮಾಣುಗಳು ಡಿಸ್‌ಲೊಕೇಶನ್‌ಗಳನ್ನು, ಅಂದರೆ ಪದರಗಳು ಜಾರಲು ದಾರಿ ಮಾಡಿಕೊಡುವ ದೋಷಗಳನ್ನು, ಹಿಡಿದಿಟ್ಟಿರುತ್ತವೆ. ಆ ಹಿಡಿತ ತಪ್ಪಿದ ಕೂಡಲೇ ಸ್ಟ್ರೆಸ್ ಸ್ವಲ್ಪ ಕುಸಿದು ಸಪಾಟಾಗುತ್ತದೆ. ಹಾಗಾಗಿ ಮೇಲಿನ ಮತ್ತು ಕೆಳಗಿನ ಯೀಲ್ಡ್ ಪಾಯಿಂಟ್ ಎರಡೂ ಕಣ್ಣಿಗೇ ಕಾಣುತ್ತವೆ. ಹ್ಯಾಂಡ್‌ಔಟ್‌ನಲ್ಲಿ ReH, ReL ಎಂದಿದ್ದರೆ ಇವೇ. Rp0.2 ಎಂದಿದ್ದರೆ ಮಾತ್ರ ನಮ್ಮ ಓರೆ ಗೆರೆ. ಒಂದು ಎಚ್ಚರಿಕೆ: Rt0.5 ಎಂದು ಬರೆದಿದ್ದರೆ ಅದು ಒಟ್ಟು ಹಿಗ್ಗಿದ್ದು ಶೇ. 0.5 ಆದಾಗಿನ ಸ್ಟ್ರೆಸ್. ಪೈಪ್‌ಲೈನ್ ಉಕ್ಕುಗಳಿಗೆ ಇದನ್ನು ಬಳಸುತ್ತಾರೆ, ಅಲ್ಲಿ ಲಂಬ ಗೆರೆಯೇ ಸರಿ.

ಎಲಾಸ್ಟಿಕ್ ಲಿಮಿಟ್ ಎಲ್ಲಿದೆ ಎಂದು ಇದೇ ಗ್ರಾಫ್‌ನಲ್ಲಿ ಬೆರಳಿಟ್ಟು ತೋರಿಸಿ ಎನ್ನುವ ಪ್ರಶ್ನೆಗೂ ಒಂದು ಮಾತು. ಒಂದೇ ಸಲ ಎಳೆದು ಮುರಿದ ಕರ್ವ್‌ನಿಂದ ಅದನ್ನು ನಿಖರವಾಗಿ ಹೇಳಲಾಗದು. ಲೋಡ್ ಹಾಕಿ, ಇಳಿಸಿ, ಏನಾದರೂ ಉಳಿಯಿತೇ ಎಂದು ಹೆಜ್ಜೆಹೆಜ್ಜೆಗೂ ನೋಡಿದರಷ್ಟೇ ಗೊತ್ತಾಗುತ್ತದೆ. ಗ್ರಾಫ್‌ನಲ್ಲಿ ಕಾಣುವುದು ನೇರ ಗೆರೆ ಬಾಗತೊಡಗಿದ ಜಾಗ, ಅದು ಪ್ರಪೋರ್ಶನಲ್ ಲಿಮಿಟ್. ಲೋಹಗಳಲ್ಲಿ ಇವೆರಡೂ ಸಾಮಾನ್ಯವಾಗಿ ಹತ್ತಿರಹತ್ತಿರ ಇರುವುದರಿಂದ ಹ್ಯಾಂಡ್‌ಔಟ್‌ಗಳು ಒಂದೇ ಚುಕ್ಕೆ ಹಾಕಿ ಮುಂದೆ ಹೋಗುತ್ತವೆ. 276ರ ಹೊತ್ತಿಗೆ ಅದು ದಾಟಿ ಹೋಗಿರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ಕೆಲಸ ಕೆಡುವುದು ಹೆಚ್ಚಾಗಿ ಅಕ್ಷಗಳಲ್ಲಿ. ಅಡ್ಡ ಅಕ್ಷ ಶೇಕಡಾದಲ್ಲಿದ್ದರೆ ಗುರುತು 0.2ರಲ್ಲಿ, ಬರೀ ಸ್ಟ್ರೇನ್ ಇದ್ದರೆ 0.002ರಲ್ಲಿ. ಬರೀ ಸ್ಟ್ರೇನ್ ಇರುವ ಅಕ್ಷದಲ್ಲಿ 0.2 ಹುಡುಕಲು ಹೋದರೆ, ಶೇ. 12ರಲ್ಲಿ ಮುರಿಯುವ ನಮ್ಮ ಸರಳು ಆ ಜಾಗ ತಲುಪುವುದೇ ಇಲ್ಲ. ಅಲ್ಲದೆ ಮುರಿಯುವ ತನಕದ ಪೂರ್ತಿ ಗ್ರಾಫ್ ಅನ್ನು 12 ಸೆಂ.ಮೀ. ಅಗಲದಲ್ಲಿ ಅಚ್ಚು ಹಾಕಿದ್ದರೆ, 0.002 ಎಂದರೆ ಕೇವಲ 2 ಮಿ.ಮೀ. ಪೆನ್ಸಿಲ್ ಮೊನೆಯ ದಪ್ಪವೇ ಉತ್ತರ ಕೆಡಿಸುತ್ತದೆ. ಆರಂಭದ ಭಾಗವನ್ನು ಮಾತ್ರ, 0ಯಿಂದ 0.01ರವರೆಗೆ, ದೊಡ್ಡದಾಗಿ ಮತ್ತೆ ಬರೆದುಕೊಂಡು ಕೆಲಸ ಮಾಡಿ.

ಇನ್ನೊಂದು ಸೂಕ್ಷ್ಮವಿದೆ. ಸ್ಪೆಸಿಮೆನ್‌ಗೆ ಎಕ್ಸ್‌ಟೆನ್ಸೋಮೀಟರ್ ಕಚ್ಚಿಸದೆ, ಯಂತ್ರದ ಕ್ರಾಸ್‌ಹೆಡ್ ಎಷ್ಟು ಸರಿಯಿತು ಎಂಬುದರಿಂದ ಸ್ಟ್ರೇನ್ ಲೆಕ್ಕ ಹಾಕಿದ ಗ್ರಾಫ್‌ಗಳೂ ಇರುತ್ತವೆ. ಆಗ ಹಿಡಿಕೆಗಳ ಜಾರು, ಯಂತ್ರದ ಚೌಕಟ್ಟಿನ ಹಿಗ್ಗು ಎಲ್ಲವೂ ಸ್ಟ್ರೇನ್‌ಗೆ ಸೇರಿ ಸ್ಲೋಪ್ 69ರ ಬದಲು, ಉದಾಹರಣೆಗೆ, 20 ಗಿಗಾಪಾಸ್ಕಲ್ ಎಂದು ಕಾಣಬಹುದು. ಅಂಥ ಗ್ರಾಫ್ ಮೇಲೆ ಪುಸ್ತಕದ 69 ಹಾಕಿ ಗೆರೆ ಎಳೆದರೆ, ಅದು ಕರ್ವ್‌ಗಿಂತ ಕಡಿದಾಗಿ ಏರಿ 56 ಮೆಗಾಪಾಸ್ಕಲ್‌ನಲ್ಲೇ ನೇರ ಭಾಗವನ್ನು ಕತ್ತರಿಸುತ್ತದೆ. ಆಫ್‌ಸೆಟ್ ಗೆರೆ ಯಾವಾಗಲೂ ಕಣ್ಣೆದುರಿನ ಗ್ರಾಫ್‌ನ ನೇರ ಭಾಗಕ್ಕೇ ಸಮಾಂತರವಾಗಿರಲಿ. ಹಾಗೆ ಮಾಡಿದರೆ ಯೀಲ್ಡ್ ಸ್ಟ್ರೆಸ್ ಸಾಮಾನ್ಯವಾಗಿ ನಂಬುವ ಮಟ್ಟಿಗೆ ಬರುತ್ತದೆ, ಆದರೆ ಆ ಗ್ರಾಫ್‌ನಿಂದ E ಬರೆದುಕೊಡಬೇಡಿ. ಶುರುವಿನಲ್ಲಿ ಕರ್ವ್ ಬಾಲದಂತೆ ಬಾಗಿ ಆಮೇಲೆ ನೇರವಾಗಿದ್ದರೆ, ನೇರ ಭಾಗವನ್ನು ಕೆಳಕ್ಕೆ ಚಾಚಿ ಅದು ಅಡ್ಡ ಅಕ್ಷ ಮುಟ್ಟಿದ ಜಾಗವನ್ನೇ ಸೊನ್ನೆ ಎಂದುಕೊಂಡು, 0.002 ಅನ್ನು ಅಲ್ಲಿಂದ ಎಣಿಸಿ.

ಫ್ರ್ಯಾಕ್ಚರ್ ಕಡೆಗೆ ಬಂದರೆ, ತುದಿಯ ಚುಕ್ಕೆ ಶಿಖರಕ್ಕಿಂತ ಕೆಳಗಿರುವುದನ್ನು ಕಂಡು ಲೋಹ ಸೋತು ಮೆತ್ತಗಾಯಿತು ಎಂದು ಬರೆಯುತ್ತಾರೆ. ಶಿಖರದ ನಂತರ ಸರಳು ಒಂದು ಕಡೆ ಸಣಕಲಾಗುತ್ತದೆ, ಅದೇ ನೆಕ್ಕಿಂಗ್. ಗ್ರಾಫ್ ಮಾತ್ರ ಲೋಡ್ ಅನ್ನು ಮೊದಲಿನ 122.7 ಚದರ ಮಿ.ಮೀ.ಗೇ ಭಾಗಿಸುತ್ತಾ ಹೋಗುತ್ತದೆ. ಸಣಕಲಾದ ಜಾಗದ ನಿಜ ಅಡ್ಡಕೊಯ್ತಕ್ಕೆ ಭಾಗಿಸಿದರೆ ಸ್ಟ್ರೆಸ್ ಏರುತ್ತಲೇ ಇರುತ್ತದೆ.

ಇಲ್ಲೂ ಅದೇ ಓರೆ ಗೆರೆ ಬೇಕು. ಕರ್ವ್ 0.124, 280 ಮೆಗಾಪಾಸ್ಕಲ್‌ನಲ್ಲಿ ನಿಂತಿದ್ದರೆ ಎಲಾಂಗೇಶನ್ ಶೇ. 12.4 ಎಂದು ಬರೆಯಬಾರದು. ಮುರಿದ ಕ್ಷಣದಲ್ಲಿ 280 / 69,000, ಅಂದರೆ ಸುಮಾರು 0.004, ಹಿಂದಕ್ಕೆ ಹೋಗುತ್ತದೆ, ಉಳಿಯುವುದು 0.120. ಎರಡು ತುಂಡುಗಳನ್ನು ಒತ್ತಿ ಜೋಡಿಸಿ ಗೇಜ್ ಗುರುತುಗಳ ನಡುವೆ ಅಳೆದರೆ 56 ಮಿ.ಮೀ. ಸಿಗುತ್ತದೆ, ಶೇ. 12 ತಾಳೆಯಾಗುತ್ತದೆ. ತಾಳೆಯಾಗದಿದ್ದರೆ ಎರಡು ಸಂಗತಿ ನೋಡಿ. ಎಕ್ಸ್‌ಟೆನ್ಸೋಮೀಟರ್ ಹಾಳಾಗದಿರಲೆಂದು ಅದನ್ನು ನಡುವೆಯೇ ಕಳಚಿರಬಹುದು. ಆಗ ಕರ್ವ್‌ನಲ್ಲಿ ಸಣ್ಣ ಮುರಿವು ಕಾಣುತ್ತದೆ, ಅದರಾಚೆಗಿನ ಸ್ಟ್ರೇನ್ ಕ್ರಾಸ್‌ಹೆಡ್‌ನದ್ದು. ಇಲ್ಲವೇ ಸರಳು ಗೇಜ್ ಗುರುತಿನ ಹೊರಗೆ ಅಥವಾ ಅದಕ್ಕೆ ತೀರಾ ಹತ್ತಿರ ಮುರಿದಿರಬಹುದು. ಹಾಗಿದ್ದಲ್ಲಿ ಆ ಎಲಾಂಗೇಶನ್ ಅಂಕಿಯನ್ನು ಬಿಟ್ಟು ಹೊಸ ಸ್ಪೆಸಿಮೆನ್ ಎಳೆಯುವುದೇ ಸರಿ, ಯೀಲ್ಡ್‌ನ 276ಕ್ಕೆ ಅದರಿಂದ ತೊಂದರೆಯಿಲ್ಲ.